ರಸ್ತೆ ಕಾಮಗಾರಿಗೆ ಅಡ್ಡಿಯಾಗುವ ವಿದ್ಯುತ್ ಮಾರ್ಗದ ಸ್ಥಳಾಂತರ: ಕೋರಿಕೆ ಪತ್ರ, ನಕ್ಷೆ ಹಾಗೂ ಕಾಲಮಿತಿ

ಗ್ರಾಮಗಳ ಒಳರಸ್ತೆಗಳನ್ನು ಕಾಂಕ್ರೀಟ್ ರಸ್ತೆಗಳನ್ನಾಗಿ ಪರಿವರ್ತಿಸುವಾಗ ಕಾಮಗಾರಿ ನಡುವೆಯೇ ನಿಂತುಹೋಗಲು ಒಂದು ಸಾಮಾನ್ಯ ಕಾರಣವೆಂದರೆ ರಸ್ತೆಯ ಅಂಚಿನಲ್ಲಿರುವ ವಿದ್ಯುತ್ ಕಂಬ. ಕಂಬವನ್ನು ಹಾಗೆಯೇ ಬಿಟ್ಟು ಅದರ ಸುತ್ತಲೂ ಕಾಂಕ್ರೀಟ್ ಸುರಿದಿರುವ ರಸ್ತೆಗಳು ಸದಸ್ಯರಿಗೆ ಅಪರಿಚಿತವಲ್ಲ. ಅಂತಹ ಕಡೆ ವಿಚಾರಿಸಿದರೆ, ವಿದ್ಯುತ್ ಸರಬರಾಜು ಕಂಪನಿಗೆ ಪತ್ರ ಬರೆಯಲಾಗಿತ್ತು, ಉತ್ತರ ಬರಲಿಲ್ಲ ಎಂಬ ವಿವರಣೆ ದೊರೆಯುತ್ತದೆ. ಪತ್ರವನ್ನು ತೆಗೆದು ನೋಡಿದರೆ ಅದರಲ್ಲಿ ಸಾಮಾನ್ಯವಾಗಿ ಒಂದೇ ವಾಕ್ಯವಿರುತ್ತದೆ: "ರಸ್ತೆಗೆ ಅಡ್ಡಿಯಾಗಿರುವ ಕಂಬಗಳನ್ನು ಸ್ಥಳಾಂತರಿಸಿಕೊಡಲು ಕೋರಿದೆ." ಯಾವ ಕಂಬ, ಎಷ್ಟು ಅಡ್ಡಿ, ಎಲ್ಲಿಗೆ ಸ್ಥಳಾಂತರ, ವೆಚ್ಚ ಯಾರದು, ಯಾವ ದಿನದೊಳಗೆ ಎಂಬ ಐದು ಪ್ರಶ್ನೆಗಳಿಗೂ ಅದರಲ್ಲಿ ಉತ್ತರವಿಲ್ಲ. ಅಂದಾಜು ಪಟ್ಟಿ ತಯಾರಿಸಬೇಕಾದ ಶಾಖಾಧಿಕಾರಿಯು ಅಂತಹ ಪತ್ರವನ್ನು ಹಿಡಿದು ಮಾಡಬಹುದಾದದ್ದು ಹೆಚ್ಚೇನೂ ಇರುವುದಿಲ್ಲ.

ಈ ಪತ್ರಕ್ಕೆ ಕೋರಿಕೆಯನ್ನು ಮೀರಿದ ಕಾನೂನಿನ ಮಹತ್ವವೂ ಇದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ವಿನಿಯಮಗಳು 2010ರಲ್ಲಿ ಜಾರಿಗೆ ಬಂದು 2023ರಲ್ಲಿ ಪರಿಷ್ಕೃತಗೊಂಡಿವೆ. ಇರುವ ವಿದ್ಯುತ್ ಮಾರ್ಗದ ಕೆಳಗೆ ಅಥವಾ ಸಮೀಪದಲ್ಲಿ ಕಟ್ಟಡ ಕಟ್ಟುವವರು ಮಾತ್ರವಲ್ಲದೆ, ರಸ್ತೆಯ ಮಟ್ಟವನ್ನು ಏರಿಸುವವರೂ ಮುಂಚಿತವಾಗಿ ಲಿಖಿತ ಸೂಚನೆ ನೀಡಬೇಕೆಂದು ಈ ವಿನಿಯಮಗಳು ವಿಧಿಸುತ್ತವೆ. ಸೂಚನೆಯು ವಿದ್ಯುತ್ ಕಂಪನಿಗೂ ವಿದ್ಯುತ್ ಪರಿವೀಕ್ಷಕರಿಗೂ ಹೋಗಬೇಕು. ಅದರೊಂದಿಗೆ ಅಳತೆಗೆ ತಕ್ಕಂತೆ ಬರೆದ ನಕ್ಷೆ ಇರಬೇಕು. ರಸ್ತೆಯ ಮೇಲೆ ಹಾದುಹೋಗುವ ತಂತಿಯ ಎತ್ತರವು ನಿಯಮದ ಮಿತಿಗಿಂತ ಕೆಳಗಿಳಿಯುವುದಿಲ್ಲವೆಂದು ಪರಿವೀಕ್ಷಕರು ದೃಢೀಕರಿಸುವವರೆಗೆ ಆ ಭಾಗದಲ್ಲಿ ಕೆಲಸ ಆರಂಭಿಸುವಂತಿಲ್ಲ. ಇದನ್ನು ಮರೆತು ರಸ್ತೆ ಏರಿಸಿದ ಪಂಚಾಯಿತಿಯು, ಅದುವರೆಗೆ ಕ್ರಮಬದ್ಧವಾಗಿದ್ದ ತಂತಿಯನ್ನು ತಾನೇ ಅಪಾಯದ ಎತ್ತರಕ್ಕೆ ತಂದಂತಾಗುತ್ತದೆ. ಮುಂದೆ ಹುಲ್ಲಿನ ಹೊರೆ ಹೊತ್ತ ಟ್ರ್ಯಾಕ್ಟರ್ ತಂತಿಗೆ ತಗುಲಿದರೆ ಮೊದಲು ಕೇಳಲಾಗುವುದು ರಸ್ತೆಯ ಮಟ್ಟ ಏರಿಸಿದವರು ಸೂಚನೆ ನೀಡಿದ್ದರೇ ಎಂಬುದನ್ನೇ.

ಅಳತೆಯ ಎರಡು ಜೋಡಿ ಅಂಕಿಗಳನ್ನು ಸದಸ್ಯರು ನೆನಪಿನಲ್ಲಿಟ್ಟುಕೊಂಡರೆ ಸಾಕು. ರಸ್ತೆಯನ್ನು ಅಡ್ಡಲಾಗಿ ದಾಟುವ ತಂತಿಯ ಅತಿ ಕೆಳಗಿನ ಬಿಂದುವು ನೆಲದಿಂದ, ಮನೆಗಳಿಗೆ ವಿದ್ಯುತ್ ಒದಗಿಸುವ ಎಲ್.ಟಿ. ಮಾರ್ಗವಾದರೆ ಕನಿಷ್ಠ 5.8 ಮೀಟರ್, 11 ಕೆ.ವಿ. ಮಾರ್ಗವಾದರೆ ಕನಿಷ್ಠ 6.1 ಮೀಟರ್ ಎತ್ತರದಲ್ಲಿರಬೇಕು. ರಸ್ತೆಯ ಉದ್ದಕ್ಕೆ ಸಾಗುವ ಮಾರ್ಗಕ್ಕೆ ಇವು ಕ್ರಮವಾಗಿ 5.5 ಮತ್ತು 5.8 ಮೀಟರ್.

ಈ ಅಂಕಿಗಳು ಕೆಲಸಕ್ಕೆ ಬರುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡಬಹುದು. ಬಸ್ ತಂಗುದಾಣದಿಂದ ಸರ್ಕಾರಿ ಪ್ರಾಥಮಿಕ ಶಾಲೆಯವರೆಗೆ 480 ಮೀಟರ್ ಉದ್ದದ ಹಳೆಯ ಜಲ್ಲಿ ರಸ್ತೆಯೊಂದಿದೆ ಎಂದಿಟ್ಟುಕೊಳ್ಳಬಹುದು. ಅದರ ಅಗಲ 3 ಮೀಟರ್. ಈಗ ಅದನ್ನು 4 ಮೀಟರ್ ಅಗಲದ ಕಾಂಕ್ರೀಟ್ ರಸ್ತೆಯಾಗಿಸಿ ಎರಡೂ ಬದಿಗೆ ಚರಂಡಿ ನಿರ್ಮಿಸಬೇಕಿದೆ. ಹಳೆಯ ಮೇಲ್ಮೈಯ ಮೇಲೆ 100 ಮಿ.ಮೀ. ತಳಪದರ, ಅದರ ಮೇಲೆ 150 ಮಿ.ಮೀ. ಕಾಂಕ್ರೀಟ್, ಅಂದರೆ ರಸ್ತೆ ಕಾಲು ಮೀಟರ್ ಏರುತ್ತದೆ. ಬಲಬದಿಯಲ್ಲಿ ಎಲ್.ಟಿ. ಮಾರ್ಗದ 11 ಕಂಬಗಳಿವೆ. ಇದರ ಜೊತೆಗೆ 420 ಮೀಟರ್ ದೂರದಲ್ಲಿ, ಶಾಲೆಗೆ ಸ್ವಲ್ಪ ಮುಂಚೆ, ಹೊಲದ ಕಡೆಯಿಂದ ಬರುವ 11 ಕೆ.ವಿ. ಮಾರ್ಗವೊಂದು ರಸ್ತೆಯನ್ನು ದಾಟುತ್ತದೆ.

ಗ್ರಾಮ ಸಭೆಯಲ್ಲಿ ಕೇಳಿಬರುವ ಬೇಡಿಕೆ ಹನ್ನೊಂದು ಕಂಬಗಳನ್ನೂ ಸ್ಥಳಾಂತರಿಸಬೇಕೆಂಬುದು. ಟೇಪು ಹಿಡಿದು ರಸ್ತೆಯ ಮಧ್ಯರೇಖೆಯಿಂದ ಪ್ರತಿ ಕಂಬದ ದೂರವನ್ನು ಅಳೆದಾಗ ಚಿತ್ರ ಬದಲಾಗುತ್ತದೆ. ಹೊಸ ಕಾಂಕ್ರೀಟಿನ ಅಂಚು ಮಧ್ಯರೇಖೆಯಿಂದ 2 ಮೀಟರ್‌ಗೆ ಬರುತ್ತದೆ. ಗೋಡೆ ಸೇರಿ ಚರಂಡಿಗೆ ಮತ್ತೆ 0.60 ಮೀಟರ್ ಬೇಕು. ಹೀಗಾಗಿ 2.60 ಮೀಟರ್‌ಗಿಂತ ಆಚೆ ಇರುವ ಕಂಬ ಯಾವ ಅಡ್ಡಿಯನ್ನೂ ಮಾಡುವುದಿಲ್ಲ. ಹನ್ನೊಂದರಲ್ಲಿ ಒಳಗೆ ಬರುವವು ಎರಡೇ. 7ನೇ ಕಂಬ 1.60 ಮೀಟರ್‌ನಲ್ಲಿದ್ದು ಕಾಂಕ್ರೀಟಿನೊಳಗೆ 0.40 ಮೀಟರ್ ನಿಲ್ಲುತ್ತದೆ. 9ನೇ ಕಂಬ 2.30 ಮೀಟರ್‌ನಲ್ಲಿದ್ದು ಚರಂಡಿಯ ನಡುವೆ ಬರುತ್ತದೆ. 8ನೇ ಕಂಬ 3 ಮೀಟರ್ ದೂರದಲ್ಲಿ ಸುರಕ್ಷಿತವಾಗಿದೆ. ಆದರೆ ಮಾರ್ಗ ಅಲ್ಲಿ ತಿರುಗುವುದರಿಂದ ಅದಕ್ಕೆ ಸ್ಟೇ ತಂತಿ ಕಟ್ಟಿದ್ದು, ಆ ಸ್ಟೇ ರಸ್ತೆಯ ಕಡೆಗೆ ಇಳಿದು ಹೊಸ ಕಾಂಕ್ರೀಟಿನೊಳಗೆ ನೆಲ ಸೇರುತ್ತದೆ. ಕಂಬಗಳನ್ನು ಮಾತ್ರ ಎಣಿಸುವವರ ಕಣ್ಣಿಗೆ ಸ್ಟೇ ತಂತಿ ಬೀಳುವುದಿಲ್ಲ. ಪತ್ರದಲ್ಲಿ ಅದನ್ನು ಬಿಟ್ಟರೆ ಕಂಬ ಸ್ಥಳಾಂತರಿಸಲು ಬಂದ ತಂಡ ಅದನ್ನು ಮುಟ್ಟದೆ ಹಿಂದಿರುಗುತ್ತದೆ. ಅಂದಾಜು ಪಟ್ಟಿಯಲ್ಲಿ ಇಲ್ಲದ ಕೆಲಸಕ್ಕೆ ಸಾಮಗ್ರಿ ತಂದಿರುವುದಿಲ್ಲವೆಂಬುದು ಅದಕ್ಕೆ ಸರಳ ಕಾರಣ.

ಇನ್ನು 11 ಕೆ.ವಿ. ಮಾರ್ಗ. ಅದರ ಯಾವ ಕಂಬವೂ ರಸ್ತೆಯ ಹತ್ತಿರವಿಲ್ಲವಾದ್ದರಿಂದ ಅದನ್ನು ಅಡ್ಡಿ ಎಂದು ಯಾರೂ ಹೇಳುವುದಿಲ್ಲ. ಆದರೆ ಕಂಪನಿಯ ಸಿಬ್ಬಂದಿ ಎತ್ತರಮಾಪಕದಿಂದ ಅಳೆದಾಗ ಕೆಳಗಿನ ತಂತಿ ಈಗಿನ ರಸ್ತೆಯಿಂದ 6.20 ಮೀಟರ್ ಎತ್ತರದಲ್ಲಿರುವುದು ಕಂಡುಬರುತ್ತದೆ. ಇಂದು ಅದು ನಿಯಮಬದ್ಧ. ರಸ್ತೆ ಕಾಲು ಮೀಟರ್ ಏರಿದ ದಿನ ಅದೇ ತಂತಿ 5.95 ಮೀಟರ್‌ಗೆ ಬರುತ್ತದೆ, 6.1 ಮೀಟರ್‌ನ ಮಿತಿಗಿಂತ 15 ಸೆಂಟಿಮೀಟರ್ ಕಡಿಮೆ. ಇಡೀ ರಸ್ತೆಯಲ್ಲಿ ಅತ್ಯಂತ ಅಪಾಯದ ಜಾಗ ಇದೇ. ಕಾಮಗಾರಿಯ ಅವಧಿಯಲ್ಲಿಯೇ ಟಿಪ್ಪರ್ ಜಲ್ಲಿ ಸುರಿಯಲು ತೊಟ್ಟಿಯನ್ನೆತ್ತಿದರೆ ಅದು ತಂತಿಯ ಎತ್ತರವನ್ನು ಮುಟ್ಟಬಲ್ಲದು.

ಎತ್ತರ ಅಳೆಯುವ ಕುರಿತು ಎರಡು ಮಾತು ಅಗತ್ಯ. ಬಿದಿರಿನ ಗಳು, ಲೋಹದ ಟೇಪು, ನೀರಿನ ಪೈಪು ಇವುಗಳಲ್ಲಿ ಯಾವುದನ್ನೂ ತಂತಿಯ ಕಡೆಗೆ ಎತ್ತಬಾರದು. ನೆಲದ ಮೇಲೆ ನಿಂತೇ ಅಳೆಯುವ ಉಪಕರಣ ಕಂಪನಿಯ ಸಿಬ್ಬಂದಿಯ ಬಳಿ ಇರುತ್ತದೆ, ಅವರ ಸಮಕ್ಷಮದಲ್ಲಿಯೇ ಅಳತೆ ನಡೆಯಬೇಕು. ಎರಡನೆಯದಾಗಿ, ತಂತಿ ಬಿಸಿಲಿಗೆ ಹಿಗ್ಗಿ ಜೋಲುತ್ತದೆ. ಬೆಳಗಿನ ತಂಪಿನಲ್ಲಿ ಸರಿಯಾಗಿ ಕಂಡ ಎತ್ತರ ಮಧ್ಯಾಹ್ನ ಕೆಲವು ಸೆಂಟಿಮೀಟರ್ ಇಳಿದಿರುತ್ತದೆ. ಮೇಲಿನ ಉದಾಹರಣೆಯಲ್ಲಿ ಉಳಿದಿರುವ ಅಂತರವೇ ಸೆಂಟಿಮೀಟರ್‌ಗಳಲ್ಲಿ ಇರುವುದರಿಂದ ಅಳತೆಯ ಹೊತ್ತನ್ನೂ ನಕ್ಷೆಯಲ್ಲಿ ಬರೆಯುವುದು ಒಳಿತು.

ಇಷ್ಟು ಮಾಹಿತಿ ಕೈಗೆ ಬಂದ ನಂತರ ಪತ್ರವು ದೊಡ್ಡದಾಗಬೇಕಿಲ್ಲ. ಗ್ರಾಮ ಪಂಚಾಯಿತಿಯ ನಿರ್ಣಯದ ಆಧಾರದ ಮೇಲೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯು ಬರೆಯುವ ಪತ್ರ ಈ ಮಾದರಿಯಲ್ಲಿರಬಹುದು:

ಇವರಿಗೆ: ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ (ವಿದ್ಯುತ್), ಕಾರ್ಯ ಮತ್ತು ಪಾಲನಾ ಉಪವಿಭಾಗ.

ಮಾನ್ಯರೇ,

ವಿಷಯ: ಬಸ್ ತಂಗುದಾಣದಿಂದ ಸರ್ಕಾರಿ ಪ್ರಾಥಮಿಕ ಶಾಲೆಯವರೆಗಿನ ಕಾಂಕ್ರೀಟ್ ರಸ್ತೆ ಕಾಮಗಾರಿಯ ಸಂಬಂಧ ಎಲ್.ಟಿ. ಮಾರ್ಗದ ಸ್ಥಳಾಂತರ ಹಾಗೂ 11 ಕೆ.ವಿ. ಮಾರ್ಗದ ಎತ್ತರ ಹೆಚ್ಚಿಸುವ ಬಗ್ಗೆ.

ಉಲ್ಲೇಖ: ಗ್ರಾಮ ಪಂಚಾಯಿತಿ ಸಾಮಾನ್ಯ ಸಭೆಯ ನಿರ್ಣಯ ಸಂಖ್ಯೆ ಮತ್ತು ದಿನಾಂಕ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ರಸ್ತೆಯನ್ನು 4 ಮೀಟರ್ ಅಗಲಕ್ಕೆ ವಿಸ್ತರಿಸಿ ಈಗಿನ ಮಟ್ಟದಿಂದ 0.25 ಮೀಟರ್ ಏರಿಸಲು ಉದ್ದೇಶಿಸಲಾಗಿದೆ. ಇದರಿಂದ, ಶಾಲಾ ಬೀದಿಯ ಪರಿವರ್ತಕಕ್ಕೆ ಸೇರಿದ 7 ಮತ್ತು 9ನೇ ಎಲ್.ಟಿ. ಕಂಬಗಳು ಹಾಗೂ 8ನೇ ಕಂಬದ ಸ್ಟೇ ತಂತಿ ಕಾಮಗಾರಿಗೆ ಅಡ್ಡಿಯಾಗುತ್ತವೆ. ರಸ್ತೆಯ 420ನೇ ಮೀಟರ್‌ನಲ್ಲಿ ದಾಟುವ 11 ಕೆ.ವಿ. ಮಾರ್ಗದ ಎತ್ತರ 6.20 ಮೀಟರ್‌ನಿಂದ 5.95 ಮೀಟರ್‌ಗೆ ಇಳಿಯಲಿದೆ. ಕಂಬಗಳ ಪ್ರಸ್ತಾವಿತ ಹೊಸ ಸ್ಥಾನಗಳನ್ನು ಲಗತ್ತಿಸಿದ ನಕ್ಷೆಯಲ್ಲಿ ತೋರಿಸಿದ್ದು, ಅವೆಲ್ಲವೂ ಪಂಚಾಯಿತಿಯ ರಸ್ತೆ ಜಾಗದಲ್ಲಿವೆ.

ಈ ಪತ್ರವನ್ನು ರಸ್ತೆ ಮಟ್ಟ ಏರಿಸುವ ಬಗ್ಗೆ ಸುರಕ್ಷತಾ ವಿನಿಯಮಗಳಡಿ ನೀಡಬೇಕಾದ ಸೂಚನೆಯೆಂದೂ ಪರಿಗಣಿಸಲು ಕೋರಿದೆ. ದಿನಾಂಕ ನಿಗದಿಪಡಿಸಿ ಜಂಟಿ ಸ್ಥಳ ಪರಿಶೀಲನೆ ನಡೆಸಿ, ಮರಳಿ ದೊರೆಯುವ ಸಾಮಗ್ರಿಯ ಮೌಲ್ಯವನ್ನು ಕಳೆದು ಅಂದಾಜು ಪಟ್ಟಿ ನೀಡಬೇಕೆಂದು ವಿನಂತಿ. ವೆಚ್ಚವನ್ನು ಭರಿಸಲು ಮೇಲಿನ ನಿರ್ಣಯದಲ್ಲಿ ಒಪ್ಪಿಗೆ ನೀಡಲಾಗಿದೆ. ಕಾಂಕ್ರೀಟ್ ಕೆಲಸ ಫೆಬ್ರವರಿ ಮೊದಲ ವಾರ ಆರಂಭವಾಗಬೇಕಿರುವುದರಿಂದ ಲಗತ್ತಿಸಿದ ಕಾಲಸೂಚಿಯನ್ನು ಪರಿಶೀಲಿಸಿ ತಮ್ಮ ಒಪ್ಪಿಗೆ ಅಥವಾ ಬದಲಾವಣೆಯನ್ನು ತಿಳಿಸಲು ಕೋರಲಾಗಿದೆ.

ತಮ್ಮ ವಿಶ್ವಾಸಿ,
ಪಂಚಾಯಿತಿ ಅಭಿವೃದ್ಧಿ ಅಧಿಕಾರಿ.

ಪ್ರತಿಗಳು ವಿದ್ಯುತ್ ಪರಿವೀಕ್ಷಕರಿಗೆ, ಸ್ಥಳೀಯ ಶಾಖಾಧಿಕಾರಿಗೆ, ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗಕ್ಕೆ ಮತ್ತು ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ ಹೋಗಬೇಕು. ಪರಿವೀಕ್ಷಕರಿಗೆ ಹೋಗುವ ಪ್ರತಿಯೊಂದಿಗೂ ನಕ್ಷೆ ಇರತಕ್ಕದ್ದು. ನಕ್ಷೆಯಿಲ್ಲದ ಪ್ರತಿ ಸೂಚನೆಯಾಗುವುದಿಲ್ಲ. ಪತ್ರ ತಲುಪಿದ ದಿನದ ಮೊಹರು ಬಿದ್ದ ಸ್ವೀಕೃತಿಯನ್ನು ಕಡತದಲ್ಲಿ ಇರಿಸುವುದನ್ನು ಮರೆಯಬಾರದು.

ನಕ್ಷೆಯು ಪತ್ರದ ಅರ್ಧ ಕೆಲಸವನ್ನು ಮಾಡುತ್ತದೆ. ಎರಡು ಬಗೆಯ ಚಿತ್ರ ಸಾಕು. ಮೊದಲನೆಯದು ಮೇಲಿನಿಂದ ಕಂಡಂತೆ ರಸ್ತೆಯ ವಿನ್ಯಾಸ. 1:500 ಪ್ರಮಾಣದಲ್ಲಿ ಬರೆದರೆ 480 ಮೀಟರ್ ರಸ್ತೆ ಮೂರು ಎ3 ಹಾಳೆಗಳಲ್ಲಿ ಕೂರುತ್ತದೆ. ಅದರಲ್ಲಿ ಹಳೆಯ ಅಂಚು, ಹೊಸ ಅಂಚು, ಚರಂಡಿ, ಪ್ರತಿ ಕಂಬದ ಸಂಖ್ಯೆ ಹಾಗೂ ಮಧ್ಯರೇಖೆಯಿಂದ ಅದರ ದೂರ, ಸ್ಟೇ ತಂತಿಗಳು, ಮನೆಗಳ ಮುಂಗೋಡೆ ಇವು ಇರಬೇಕು. ಕಂಬದ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆಯನ್ನೇ ಬಳಸಬೇಕೇ ಹೊರತು ಪಂಚಾಯಿತಿಯು ತನ್ನದೇ ಸಂಖ್ಯೆ ಕೊಡಬಾರದು. ಇಲ್ಲವಾದರೆ ಕಂಪನಿಯ 7ನೇ ಕಂಬವೇ ಬೇರೆ, ನಕ್ಷೆಯ 7ನೇ ಕಂಬವೇ ಬೇರೆಯಾಗುತ್ತದೆ. ಎರಡನೆಯದು ರಸ್ತೆಯನ್ನು ಅಡ್ಡವಾಗಿ ಸೀಳಿದಂತೆ ತೋರಿಸುವ ಛೇದನ ಚಿತ್ರ, 1:50 ಪ್ರಮಾಣದಲ್ಲಿ. ಇದು 7ನೇ ಕಂಬದ ಬಳಿ ಒಂದು, 11 ಕೆ.ವಿ. ದಾಟುವಲ್ಲಿ ಒಂದು ಇದ್ದರೆ ಸಾಕು. ಹಳೆಯ ಮತ್ತು ಹೊಸ ರಸ್ತೆ ಮಟ್ಟದ ಎರಡು ಗೆರೆಗಳು, ಮೇಲೆ ತಂತಿ, ನಡುವೆ 6.20 ಮತ್ತು 5.95 ಎಂಬ ಎರಡು ಅಂಕಿಗಳು. ಪುಟಗಟ್ಟಲೆ ವಿವರಣೆಗಿಂತ ಈ ಚಿತ್ರ ಬೇಗ ಮನವರಿಕೆ ಮಾಡಿಕೊಡುತ್ತದೆ.

ಹೊಸ ಸ್ಥಾನ ಗುರುತಿಸುವುದರಲ್ಲಿ ಸದಸ್ಯರ ಪಾತ್ರ ದೊಡ್ಡದು, ಏಕೆಂದರೆ ನೆಲದ ಒಳಗಿನ ಮತ್ತು ಮನೆಗಳ ನಡುವಿನ ಸಂಗತಿಗಳು ಅವರಿಗೇ ಚೆನ್ನಾಗಿ ಗೊತ್ತು. 9 ಮೀಟರ್ ಉದ್ದದ ಕಂಬವನ್ನು ಅದರ ಆರನೇ ಒಂದು ಭಾಗ, ಅಂದರೆ ಸುಮಾರು ಒಂದೂವರೆ ಮೀಟರ್, ನೆಲದಲ್ಲಿ ಹೂಳಬೇಕು. ರಸ್ತೆಯ ಅಂಚಿನಲ್ಲಿ ಕುಡಿಯುವ ನೀರಿನ ಕೊಳವೆ ಹೋಗುತ್ತಿದ್ದರೆ ಗುಂಡಿ ತೋಡುವ ದಿನವೇ ಅದು ಒಡೆಯುತ್ತದೆ. ಆದ್ದರಿಂದ ಜಂಟಿ ಪರಿಶೀಲನೆಗೆ ನೀರುಗಂಟಿಯೂ ಬರಬೇಕು. ಕಂಬ ಹಿಂದಕ್ಕೆ ಹೋದಂತೆ ತಂತಿ ಮನೆಯ ಗೋಡೆಗೆ ಹತ್ತಿರವಾಗುತ್ತದೆ. ಬರಿತಂತಿಗೂ ಗೋಡೆಗೂ ಅಡ್ಡಲಾಗಿ ಕನಿಷ್ಠ 1.2 ಮೀಟರ್ ಅಂತರವಿರಬೇಕು. ಬೀದಿ ಅಷ್ಟು ಅಗಲವಿಲ್ಲದಿದ್ದರೆ ಆ ಭಾಗಕ್ಕೆ ಹೊದಿಕೆಯುಳ್ಳ ಎ.ಬಿ. ಕೇಬಲ್ ಅಳವಡಿಸಲು ಪತ್ರದಲ್ಲಿಯೇ ಕೇಳಬಹುದು. ಖಾಸಗಿ ಜಾಗದಲ್ಲಿ ಕಂಬ ನೆಡುವುದು ಅನಿವಾರ್ಯವಾದರೆ ಮಾಲೀಕರ ಲಿಖಿತ ಒಪ್ಪಿಗೆ ಮೊದಲೇ ಪಡೆಯಬೇಕು. ಬಾಯಿಮಾತಿನ ಒಪ್ಪಿಗೆ ಗುಂಡಿ ತೋಡುವವರೆಗೆ ಮಾತ್ರ ಉಳಿಯುತ್ತದೆ ಎಂಬುದು ಬಹುತೇಕ ಪಂಚಾಯಿತಿಗಳ ಅನುಭವ.

ಉದಾಹರಣೆಯ ರಸ್ತೆಯಲ್ಲಿ 7ನೇ ಕಂಬವನ್ನು 1.60ರಿಂದ 2.90 ಮೀಟರ್‌ಗೆ ಸರಿಸಿದಾಗ ಅದು ಅಕ್ಕಪಕ್ಕದ ಕಂಬಗಳ ಸಾಲಿಗೇ ಬರುತ್ತದೆ. ಪ್ರತಿ ಬಾರಿಯೂ ಹೀಗೆ ಅನುಕೂಲವಾಗುವುದಿಲ್ಲ. ನೇರ ಸಾಲಿನ ನಡುವಿನ ಒಂದೇ ಕಂಬವನ್ನು ಪಕ್ಕಕ್ಕೆ ಸರಿಸಿದರೆ ತಂತಿ ಅಲ್ಲಿ ಮುರಿದು ತಿರುಗುತ್ತದೆ, ತಿರುವಿನಲ್ಲಿ ಕಂಬ ವಾಲದಿರಲು ಹೊಸ ಸ್ಟೇ ಬೇಕಾಗುತ್ತದೆ, ಆ ಸ್ಟೇ ಮತ್ತೆ ಯಾರದೋ ಬಾಗಿಲ ಮುಂದೆ ಇಳಿಯುತ್ತದೆ. ಇಂತಹ ಕಡೆ ಎರಡು ಮೂರು ಕಂಬಗಳನ್ನು ಒಟ್ಟಿಗೆ ಸರಿಸುವುದೇ ವಿವೇಕ. 8ನೇ ಕಂಬಕ್ಕಾದರೆ ರಸ್ತೆ ಬದಿಯ ಸ್ಟೇ ತೆಗೆದು ಒಳಬದಿಯಿಂದ ಆಸರೆ ಕಂಬ ಕೊಡಬಹುದು. 11 ಕೆ.ವಿ. ಮಾರ್ಗಕ್ಕೆ ಎತ್ತರದ ಕಂಬ ಹಾಕಿಸುವುದು ಸರಿಯಾದ ಪರಿಹಾರ. ಅಲ್ಲಿ ಮಾತ್ರ ಹಳೆಯ ಪದರವನ್ನು ಅಗೆದು ರಸ್ತೆ ಮಟ್ಟವನ್ನು ಏರಿಸದೆ ಉಳಿಸಿಕೊಳ್ಳುವ ಸಲಹೆ ಕೆಲವೊಮ್ಮೆ ಬರುತ್ತದೆ. ಅದು ಅಗ್ಗ, ಆದರೆ ಎರಡೂ ಕಡೆಯಿಂದ ಇಳಿದ ಮಳೆನೀರು ಶಾಲೆಯ ಮುಂದೆಯೇ ನಿಲ್ಲುತ್ತದೆ.

ಅಂದಾಜು ಪಟ್ಟಿ ಬಂದಾಗ ಒಟ್ಟು ಮೊತ್ತವನ್ನಷ್ಟೇ ನೋಡಿ ಅನುಮೋದಿಸುವುದು ಸರಿಯಲ್ಲ. ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಹೆಚ್ಚುವರಿ ಸಾಮಗ್ರಿಯ ಬೆಲೆ, ಕೂಲಿ ಮತ್ತು ಮೇಲ್ವಿಚಾರಣಾ ಶುಲ್ಕವನ್ನು ಲೆಕ್ಕ ಹಿಡಿಯಬೇಕು. ಹಳೆಯ ಮಾರ್ಗದಿಂದ ಮರಳಿ ದೊರೆಯುವ ತಂತಿ, ಕಬ್ಬಿಣದ ಅಡ್ಡಪಟ್ಟಿ ಮುಂತಾದವುಗಳ ಸವಕಳಿ ಕಳೆದ ಮೌಲ್ಯವನ್ನು ಅದರಿಂದ ಕಡಿತಗೊಳಿಸಬೇಕು. ಈ ಕಡಿತದ ಸಾಲು ಪಟ್ಟಿಯಲ್ಲಿ ಇದೆಯೇ ಎಂದು ಹುಡುಕಬೇಕು. ಮೊತ್ತ ಒಪ್ಪಿಗೆಯಾಗದಿದ್ದರೆ ವಿಷಯವನ್ನು ವಿದ್ಯುತ್ ಪರಿವೀಕ್ಷಕರ ಮುಂದಿಡಲು ಅವಕಾಶವಿದೆ. ಹಣವನ್ನು ಠೇವಣಿ ಇಟ್ಟು ಕಂಪನಿಯಿಂದಲೇ ಕೆಲಸ ಮಾಡಿಸುವುದು ಒಂದು ದಾರಿ. ಮೇಲ್ವಿಚಾರಣಾ ಶುಲ್ಕ ಕಟ್ಟಿ, ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದ ಮಾಡಿಸುವುದು ಇನ್ನೊಂದು. ಎರಡನೆಯದರಲ್ಲಿ ಗುತ್ತಿಗೆದಾರರ ಆಯ್ಕೆಗೆ ಕೆ.ಟಿ.ಪಿ.ಪಿ. ಕಾಯ್ದೆ ಅನ್ವಯಿಸುವುದರಿಂದ ಅದಕ್ಕೆ ಬೇಕಾದ ದಿನಗಳನ್ನೂ ಕಾಲಸೂಚಿಯಲ್ಲಿ ಸೇರಿಸಬೇಕು. ಯಾವ ದಾರಿಯಾದರೂ ಈ ವೆಚ್ಚವು ರಸ್ತೆಯ ಮೂಲ ಅಂದಾಜಿನಲ್ಲಿಯೇ ಇರಬೇಕಿತ್ತು ಎಂಬುದು ಹಲವರಿಗೆ ಹೊಳೆಯುವುದು ಈ ಹಂತದಲ್ಲಿ. ಕ್ರಿಯಾಯೋಜನೆ ತಯಾರಿಸುವಾಗಲೇ ಕಂಬಗಳನ್ನು ಅಳೆದಿದ್ದರೆ ಬೇರೆ ಅನುದಾನ ಹುಡುಕುವ ಪ್ರಮೇಯ ಬರುವುದಿಲ್ಲ.

ಕಾಲಸೂಚಿಯನ್ನು ಕಾಂಕ್ರೀಟ್ ಹಾಕುವ ದಿನದಿಂದ ಹಿಂದಕ್ಕೆ ಎಣಿಸುತ್ತಾ ಬರೆಯಬೇಕು. ಅನುದಾನ ಮಾರ್ಚ್ 31ರೊಳಗೆ ವೆಚ್ಚವಾಗಬೇಕು. ಕಾಂಕ್ರೀಟ್, ಅದರ ನೀರುಣಿಕೆ, ಚರಂಡಿ, ಅಳತೆ ಪುಸ್ತಕ, ಬಿಲ್ಲು ಎಲ್ಲಕ್ಕೂ ಎಂಟು ವಾರ ಹಿಡಿದರೆ ಕಾಂಕ್ರೀಟ್ ಕೆಲಸ ಫೆಬ್ರವರಿ ಮೊದಲ ವಾರ ಆರಂಭವಾಗಬೇಕು. ಆದ್ದರಿಂದ ಕಂಬಗಳ ಕೆಲಸ ಜನವರಿ ಮೂರನೇ ವಾರಕ್ಕೆ ಮುಗಿದು, ಉಳಿದ ದಿನಗಳಲ್ಲಿ ಪರಿವೀಕ್ಷಕರ ದೃಢೀಕರಣ ಬರಬೇಕು. ಸಾಮಗ್ರಿ ಹೊಂದಿಸಿಕೊಳ್ಳಲು ಮತ್ತು ಕೆಲಸಕ್ಕೆ ಒಂದು ತಿಂಗಳಿಗಿಂತ ತುಸು ಹೆಚ್ಚು ಎಂದುಕೊಂಡರೆ ಡಿಸೆಂಬರ್ ಎರಡನೇ ವಾರ ಹಣ ಪಾವತಿಯಾಗಿರಬೇಕು. ಅಂದಾಜು ಪಟ್ಟಿಯ ಸೂಚನೆ ತಲುಪಿದ 30 ದಿನಗಳೊಳಗೆ ಠೇವಣಿ ಇಡಬೇಕಾಗಿರುವುದರಿಂದ ಪಟ್ಟಿ ನವೆಂಬರ್ ಮಧ್ಯಕ್ಕೆ ಕೈಸೇರಬೇಕು. ಪಂಚಾಯಿತಿ ಸಭೆಯ ದಿನಾಂಕವನ್ನು ಇದಕ್ಕೆ ಹೊಂದಿಸಿಕೊಳ್ಳದಿದ್ದರೆ ಮೂವತ್ತು ದಿನಗಳು ಸದ್ದಿಲ್ಲದೆ ಕಳೆಯುತ್ತವೆ. ಜಂಟಿ ಪರಿಶೀಲನೆ ಅಕ್ಟೋಬರ್ ಮೂರನೇ ವಾರ, ಪತ್ರ ಅಕ್ಟೋಬರ್ ಮೊದಲ ವಾರ. ಜನವರಿಯಲ್ಲಿ ಗುತ್ತಿಗೆದಾರರ ಯಂತ್ರ ಬಂದು ನಿಂತ ಮೇಲೆ ಬರೆದ ಪತ್ರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ವಿದ್ಯುತ್ ನಿಲುಗಡೆಯ ದಿನವನ್ನು ಆರಿಸುವಾಗ ಊರಿನ ಪಂಚಾಂಗವೂ ಬೇಕು. ಸಂಕ್ರಾಂತಿಯ ಆಸುಪಾಸು ಒಕ್ಕಣೆ ರಸ್ತೆಯ ಮೇಲೆಯೇ ನಡೆಯುವ ಊರುಗಳಿವೆ. ಫೆಬ್ರವರಿ ದಾಟಿದರೆ ಪಂಪ್‌ಸೆಟ್‌ಗಳಿಗೆ ಮೂರು ಫೇಸ್ ವಿದ್ಯುತ್ ನಿಲ್ಲಿಸಲು ರೈತರು ಒಪ್ಪುವುದು ಕಷ್ಟ, ಮಕ್ಕಳ ಪರೀಕ್ಷೆಯೂ ಹತ್ತಿರವಿರುತ್ತದೆ. ಉದಾಹರಣೆಯ ಕೆಲಸಕ್ಕೆ ಎಲ್.ಟಿ. ಮಾರ್ಗದಲ್ಲಿ ಒಂದು ದಿನ, 11 ಕೆ.ವಿ. ಮಾರ್ಗದಲ್ಲಿ ಮತ್ತೊಂದು ದಿನ ಹಗಲು ನಿಲುಗಡೆ ಬೇಕಾಗುತ್ತದೆ. ಪಂಚಾಯಿತಿಯ ಕೊಳವೆಬಾವಿ ಅದೇ ಮಾರ್ಗದಲ್ಲಿದ್ದರೆ ಹಿಂದಿನ ರಾತ್ರಿ ಮೇಲ್ಮಟ್ಟದ ತೊಟ್ಟಿ ತುಂಬಿಸಿಟ್ಟುಕೊಳ್ಳುವಂತೆ ನೀರುಗಂಟಿಗೆ ಲಿಖಿತ ಸೂಚನೆ ನೀಡಬೇಕು. ಸ್ಥಳದಲ್ಲಿ ಮಾರ್ಗದಾಳು ವಿದ್ಯುತ್ ನಿಲುಗಡೆಯನ್ನು ಖಚಿತಪಡಿಸಿ ಅನುಮತಿ ನೀಡುವ ಮೊದಲು ರಸ್ತೆ ಗುತ್ತಿಗೆದಾರರ ಯಾವ ಕಾರ್ಮಿಕನೂ ಕಂಬವನ್ನಾಗಲಿ ಸ್ಟೇ ತಂತಿಯನ್ನಾಗಲಿ ಮುಟ್ಟಬಾರದು.

ಕೆಲಸ ಮುಗಿದ ದಿನ ಸದಸ್ಯರು ಒಮ್ಮೆ ನಕ್ಷೆ ಹಿಡಿದು ರಸ್ತೆಯುದ್ದಕ್ಕೂ ನಡೆಯಬೇಕು. ಹಳೆಯ ಕಂಬವನ್ನು ಬುಡಸಮೇತ ತೆಗೆಯದೆ ನೆಲಮಟ್ಟಕ್ಕೆ ಕತ್ತರಿಸಿದ್ದರೆ ಆ ಮೋಟು ಮುಂದೆ ಕಾಂಕ್ರೀಟಿನಲ್ಲಿ ಬಿರುಕಾಗಿ ಕಾಣಿಸುತ್ತದೆ. ಕಂಬ ಸರಿದ ಮೇಲೆ ಎದುರು ಮನೆಗಳ ಸರ್ವಿಸ್ ತಂತಿಗಳು ಸಾಲದೆ ತುಂಡು ಸೇರಿಸಿದ್ದರೆ ಅವು ರಸ್ತೆಯ ಮೇಲೆ ಜೋಲುತ್ತವೆ. ರಸ್ತೆ ದಾಟುವ ಸರ್ವಿಸ್ ತಂತಿಗೂ 5.8 ಮೀಟರ್‌ನ ಮಿತಿಯೇ ಅನ್ವಯ. 11 ಕೆ.ವಿ. ದಾಟುವಲ್ಲಿ ಹೊಸ ಎತ್ತರವನ್ನು ಕಂಪನಿಯ ಸಿಬ್ಬಂದಿಯಿಂದ ಮಧ್ಯಾಹ್ನದ ಹೊತ್ತು ಮತ್ತೊಮ್ಮೆ ಅಳೆಯಿಸಬೇಕು. ಅದು ಈಗಿನ ರಸ್ತೆಯಿಂದ ಕನಿಷ್ಠ 6.35 ಮೀಟರ್ ಇದ್ದರೆ ಮಾತ್ರ ಕಾಂಕ್ರೀಟ್ ಬಿದ್ದ ನಂತರ 6.1 ಮೀಟರ್ ಉಳಿಯುತ್ತದೆ. ಆ ಅಂಕಿ, ದಿನಾಂಕ, ಹೊತ್ತು ಮತ್ತು ಶಾಖಾಧಿಕಾರಿಯ ಸಹಿ ಇರುವ ಹಾಳೆ ಕಡತ ಸೇರಿ, ಪರಿವೀಕ್ಷಕರ ದೃಢೀಕರಣ ಬಂದ ಮೇಲೆ ರಸ್ತೆ ಗುತ್ತಿಗೆದಾರರಿಗೆ ಆ ಭಾಗದಲ್ಲಿ ಕೆಲಸ ಆರಂಭಿಸಲು ಸೂಚಿಸಬಹುದು.